ಸಿನಿಮಾ ಬರೀ ನಿರ್ದೇಶಕನದ್ದಾ?

ಪ್ರಶ್ನೆ: ಓತರ್ ಥಿಯರಿ ಪ್ರಕಾರ ಸಿನಿಮಾಕ್ಕೆ ನಿರ್ದೇಶಕನೇ ಕರ್ತೃ ಅಂತಾರೆ. ಇದು ಸರಿನಾ?

ಅರ್ಧ ಸರಿ. 1954ರಲ್ಲಿ ಫ್ರಾನ್ಸಿನ ಸಿನಿಮಾ ವಿಮರ್ಶಕ ತ್ರೂಫೋ ಬರೆದ ಲೇಖನದಿಂದ ಬೆಳೆದ ವಾದ ಇದು. ಕಥೆ ಯಾರದ್ದೇ ಇರಲಿ, ಒಳ್ಳೆಯ ನಿರ್ದೇಶಕರ ಛಾಪು ಅವರ ಎಲ್ಲ ಚಿತ್ರಗಳಲ್ಲೂ ಕಾಣುತ್ತದೆ ಅನ್ನೋದು ಅದರ ತಿರುಳು.

1941ರ 'ಸಿಟಿಜನ್ ಕೇನ್' ನೋಡಿ. ನಿರ್ದೇಶಕ ಆರ್ಸನ್ ವೆಲ್ಸ್ ಒಬ್ಬರದೇ ಚಿತ್ರ ಅಂತೀವಿ, ಅಲ್ವಾ? ಆದರೆ ಅದಕ್ಕೆ ಬಂದ ಒಂದೇ ಆಸ್ಕರ್ ಚಿತ್ರಕಥೆಗೆ, ಅದರಲ್ಲೂ ಸಹಲೇಖಕ ಹರ್ಮನ್ ಮ್ಯಾಂಕೀವಿಟ್ಸ್ ಜೊತೆ ಪಾಲು. ಹತ್ತಿರದ ಮುಖ, ದೂರದ ಕಿಟಕಿ ಎರಡೂ ಸ್ಪಷ್ಟವಾಗಿ ಕಾಣುವ ಶಾಟ್‌ಗಳು ಛಾಯಾಗ್ರಾಹಕ ಗ್ರೆಗ್ ಟೋಲಂಡ್ ಕೈಚಳಕ. ವೆಲ್ಸ್ ತಮ್ಮ ಹೆಸರಿನ ಟೈಟಲ್ ಕಾರ್ಡಿನಲ್ಲೇ ಟೋಲಂಡ್ ಹೆಸರನ್ನೂ ಹಾಕಿದರು.

ಹಾಗಂತ ವೆಲ್ಸ್ ಸುಮ್ನೆ ಕೂತವರಲ್ಲ. ಚಿತ್ರದ ಕೊನೆಯ ರೂಪ ಹೇಗಿರಬೇಕು ಅಂತ ತೀರ್ಮಾನಿಸುವ ಫೈನಲ್ ಕಟ್ ಹಕ್ಕು ಅವರದೇ ಆಗಿತ್ತು. ಮರುವರ್ಷದ 'ದಿ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್'ನಲ್ಲಿ ಆ ಹಕ್ಕು ಇರಲಿಲ್ಲ. ಸ್ಟುಡಿಯೋ ಚಿತ್ರವನ್ನು ಕತ್ತರಿಸಿ ಕ್ಲೈಮ್ಯಾಕ್ಸನ್ನೇ ಬದಲಿಸಿತು.