‘ಸಣ್ಣ ಗುಡ್ಡ’ ಮತ್ತು ಹಿಮ್ಮುಖ ಅನುವಾದ

ಬರಹಗಾರರ ಪತ್ರದಿಂದ: “ಶ್ವಾಸಕೋಶದ ರೋಗಿಗಳಿಗೆ ಕೊಡುವ ಐದು ಹೇಳಿಕೆಗಳ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದೆವು. ಅದನ್ನು ನಮ್ಮ ವಿಭಾಗದ ವೈದ್ಯರೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿದಾಗ ಐದೂ ಮೂಲದೊಂದಿಗೆ ಹೊಂದಿಕೆಯಾದವು. ಅನುವಾದ ಸರಿಯಿದೆಯೆಂದು ಹೀಗೆ ಸಾಬೀತಾದದ್ದನ್ನು ಸಾಮಾನ್ಯ ಓದುಗರಿಗಾಗಿ ಬರೆದಿದ್ದೇನೆ. ಪ್ರಕಟಣೆಗೆ ಯೋಗ್ಯವೇ, ತಿಳಿಸಿ.”

ಮಾನ್ಯರೇ,

ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಭಾಷೆ ಅಚ್ಚುಕಟ್ಟಾಗಿದೆ, ವಿಷಯವೂ ಹೊಸದು. ಆದರೆ ನೀವು ಸಾಬೀತಾಯಿತು ಎಂದು ಮೊದಲ ಪುಟದಲ್ಲಿ ಹೇಳಿದ್ದನ್ನು ನಿಮ್ಮದೇ ಆರನೆಯ ಪುಟ ಅಲ್ಲಗಳೆಯುತ್ತದೆ. ಅಲ್ಲಿ ತೀರ್ಥಹಳ್ಳಿ ಕಡೆಯ ಹಿರಿಯ ಅಡಿಕೆ ಬೆಳೆಗಾರರೊಬ್ಬರು ಹಾಳೆಯನ್ನು ಓದಿ, “ಗುಡ್ಡ ಹತ್ತಿದ್ರೆ ಯಾರಿಗೆ ಏದುಸಿರು ಬರಲ್ಲ ಮಾರಾಯ್ರೆ?” ಎನ್ನುತ್ತಾರೆ. ನೀವು ಅದನ್ನು ನಗೆಯ ಪ್ರಸಂಗವಾಗಿ ಬಳಸಿಕೊಂಡಿದ್ದೀರಿ. ನನ್ನ ಮಟ್ಟಿಗೆ ನಿಮ್ಮ ಇಡೀ ಲೇಖನ ಇರುವುದೇ ಆ ಸಾಲಿನಲ್ಲಿ.

ಮೂಲದ ಮಾತನ್ನೇ ನೋಡೋಣ. ಏದುಸಿರಿನ ತೀವ್ರತೆಯನ್ನು ಅಳೆಯಲು ನೀವು ಬಳಸಿದ ಎಂಎಂಆರ್‌ಸಿ ಮಾಪಕದಲ್ಲಿ 0 ರಿಂದ 4 ರವರೆಗೆ ಐದು ದರ್ಜೆಗಳಿವೆ, ಅಂಕೆ ಏರಿದಷ್ಟೂ ತೊಂದರೆ ಹೆಚ್ಚು. ದರ್ಜೆ 1 ಕೇಳುವುದು, ಸಮನೆಲದಲ್ಲಿ ಅವಸರದಿಂದ ನಡೆದಾಗ ಅಥವಾ ‘ಸ್ಲೈಟ್ ಹಿಲ್’ ಏರುವಾಗ ಏದುಸಿರು ಬರುತ್ತದೆಯೇ ಎಂದು. ಇಂಗ್ಲಿಷಿನಲ್ಲಿ ಅದು ಅಲ್ಪಸ್ವಲ್ಪ ಏರಿರುವ ದಾರಿ. ನೀವು ‘ಸಣ್ಣ ಗುಡ್ಡ ಹತ್ತುವಾಗ’ ಎಂದು ಬರೆದಿರಿ. ಬಯಲುಸೀಮೆಯ ಓದುಗರು ಅದನ್ನು ಹೇಗೋ ದಾಟಿಸಿಕೊಂಡಾರು. ಮಲೆನಾಡಿನಲ್ಲಿ ಗುಡ್ಡವೆಂದರೆ ಮನೆಯ ಹಿಂದೆ ಸೊಪ್ಪು, ಸೌದೆ ತರಲು ಹತ್ತುವ ಗುಡ್ಡ, ಅದು ಸಣ್ಣದಾದರೂ ಗುಡ್ಡವೇ. ಅದನ್ನು ಹತ್ತಿದ ಆರೋಗ್ಯವಂತನಿಗೂ ಏದುಸಿರು ಬರುತ್ತದೆ. ಹಾಗಾಗಿ 0 ಎಂದು ಗುರುತಿಸಬೇಕಾದವನು ಪ್ರಾಮಾಣಿಕವಾಗಿಯೇ 1 ಎಂದು ಗುರುತಿಸುತ್ತಾನೆ.

ಇಷ್ಟಾದರೂ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತರುವ ಹಿಮ್ಮುಖ ಅನುವಾದದಲ್ಲಿ ಇದೇಕೆ ಸಿಕ್ಕಿಬೀಳಲಿಲ್ಲ? ನಿಮ್ಮ ಅನುಬಂಧವನ್ನು ಮತ್ತೊಮ್ಮೆ ತೆರೆದು ನೋಡಿ. ಮರಳಿ ಬಂದ ಇಂಗ್ಲಿಷಿನಲ್ಲಿ ‘ಸ್ಲೈಟ್ ಹಿಲ್’ ಎಂದೇ ಇದೆ. ಮೂಲವನ್ನು ಕಾಣದವರು ‘ಸಣ್ಣ ಗುಡ್ಡ’ವನ್ನು ಇಂಗ್ಲಿಷಿಗೆ ತಂದರೆ ಸಹಜವಾಗಿ ‘ಸ್ಮಾಲ್ ಹಿಲ್’ ಎಂದು ಬರೆಯುತ್ತಾರೆ. ನಿಮ್ಮ ವೈದ್ಯಮಿತ್ರರಿಗೆ ಆ ಮಾಪಕ ಬಾಯಿಪಾಠವಿತ್ತು. ಅವರು ಕನ್ನಡವನ್ನು ಅನುವಾದಿಸಲಿಲ್ಲ, ತಮಗೆ ನೆನಪಿದ್ದದ್ದನ್ನು ಬರೆದರು. ಹಿಮ್ಮುಖ ಅನುವಾದಕರು ಮೂಲವನ್ನು ನೋಡಿರಬಾರದು ಎಂಬ ನಿಯಮ ಇರುವುದೇ ಇದಕ್ಕೆ. ಅಕ್ಷರಕ್ಕೆ ಅಕ್ಷರ ಹೊಂದಿದ ಹಾಳೆ ಬಂದಾಗ ಸಂತೋಷಪಡುವ ಮೊದಲು, ಅದನ್ನು ಮಾಡಿದವರಿಗೆ ಮೂಲ ಗೊತ್ತಿತ್ತೇ ಎಂದು ವಿಚಾರಿಸಬೇಕು. ಈ ವಿಧಾನವನ್ನು ಸಂಶೋಧಕರ ನಡುವೆ ಪ್ರಚಾರಕ್ಕೆ ತಂದವರಲ್ಲಿ ಪ್ರಮುಖರಾದ ರಿಚರ್ಡ್ ಬ್ರಿಸ್ಲಿನ್ 1970 ರಲ್ಲೇ ಎಚ್ಚರಿಸಿದ್ದರು: ಅನುವಾದ ಕೆಟ್ಟದಾಗಿದ್ದರೂ, ಜಾಣ ಹಿಮ್ಮುಖ ಅನುವಾದಕರು ಅದರಿಂದ ಅರ್ಥವನ್ನು ಹೆಕ್ಕಿ ಸರಿಯಾದ ವಾಕ್ಯ ಕಟ್ಟಿಬಿಡಬಲ್ಲರು.

ಹಾಗೆಂದು ಮೂಲ ತಿಳಿಯದವರಿಂದ ಮಾಡಿಸಿದ್ದರೆ ಎಲ್ಲವೂ ಬಯಲಾಗುತ್ತಿತ್ತು ಎನ್ನಲಾರೆ. ‘ಸ್ಮಾಲ್ ಹಿಲ್’ ಎಂದು ಬಂದಿದ್ದರೂ ನಿಮ್ಮ ಸಮಿತಿ ಎರಡೂ ಒಂದೇ ಎಂದು ಗುರುತು ಹಾಕಿ ಮುಂದೆ ಹೋಗುವ ಸಂಭವವೇ ಹೆಚ್ಚು. ಎರಡು ಇಂಗ್ಲಿಷ್ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡುವವರು ನಡುವೆ ಇರುವ ಕನ್ನಡವನ್ನು ಓದುವುದೇ ಇಲ್ಲ, ಅದನ್ನು ತೀರ್ಥಹಳ್ಳಿಯಲ್ಲಿ ಓದಿದರೆ ಏನನ್ನಿಸುತ್ತದೆಂದು ಕೇಳುವುದಂತೂ ದೂರದ ಮಾತು.

ಇದಕ್ಕಿಂತ ನನಗೆ ಬೇಸರ ತಂದದ್ದು ನಿಮ್ಮ ಮೂರನೆಯ ಪುಟ. ಮೊದಲ ಕರಡಿನಲ್ಲಿ ನೀವು ‘ಏದುಸಿರು ಬರುತ್ತದೆ’ ಎಂದು ಬರೆದಿದ್ದಿರಿ. ಅದು ಇಂಗ್ಲಿಷಿನಲ್ಲಿ ‘ಪ್ಯಾಂಟಿಂಗ್’ ಎಂದು ಮರಳಿತು. ಮೂಲದ ಪದ ಬರಲಿಲ್ಲವೆಂದು ನೀವು ಅದನ್ನು ‘ಉಸಿರಾಟದ ಕೊರತೆ ಉಂಟಾಗುತ್ತದೆ’ ಎಂದು ಬದಲಿಸಿದಿರಿ, ಕೂಡಲೇ ‘ಶಾರ್ಟ್‌ನೆಸ್ ಆಫ್ ಬ್ರೆತ್’ ಸಿಕ್ಕಿತು. ಜನ ಆಡುವ ಮಾತನ್ನು ತೆಗೆದು ಯಾರೂ ಆಡದ ಮಾತನ್ನು ಹಾಕಿದ್ದಕ್ಕೆ ನಿಮ್ಮ ಪರೀಕ್ಷೆ ಹೆಚ್ಚು ಅಂಕ ಕೊಟ್ಟಿತು! ಪದಕ್ಕೆ ಪದವಿಟ್ಟ ಅನುವಾದ ಸಲೀಸಾಗಿ ಮರಳುತ್ತದೆ, ಕನ್ನಡದ ಜಾಯಮಾನಕ್ಕೆ ಒಗ್ಗಿದ ಅನುವಾದ ವೇಷ ಬದಲಿಸಿಕೊಂಡು ಮರಳುತ್ತದೆ. ಹೊಂದಿಕೆಯನ್ನೇ ಗುರಿಯಾಗಿಟ್ಟುಕೊಂಡು ತಿದ್ದುತ್ತ ಹೋದರೆ ಪ್ರತಿ ಸುತ್ತಿನಲ್ಲೂ ಕನ್ನಡ ಸೊರಗುತ್ತದೆ. (ಆ ಜಾಗಕ್ಕೆ ಯಾರೋ ಸೂಚಿಸಿದ ‘ಉಬ್ಬಸ’ವನ್ನು ನೀವು ಬಿಟ್ಟದ್ದು ಸರಿ. ಅದು ಹಲವರ ಕಿವಿಗೆ ಕಾಯಿಲೆಯ ಹೆಸರು. “ನನಗೆ ಉಬ್ಬಸ ಇಲ್ಲ” ಎಂದು ಹೇಳಿ ಹಾಳೆಯನ್ನು ಹಿಂದಿರುಗಿಸಿಬಿಡುತ್ತಾರೆ.)

ಹಿಮ್ಮುಖ ಅನುವಾದ ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ನಿಮ್ಮ ಮೊದಲ ಕರಡಿನಲ್ಲಿ ‘ಅವಸರವಾಗಿ ನಡೆದು ಗುಡ್ಡ ಹತ್ತುವಾಗ’ ಎಂದಿತ್ತು. ಅದು ‘ಅಂಡ್’ ಎಂದು ಮರಳಿದ್ದರಿಂದಲೇ ಮೂಲದ ‘ಅಥವಾ’ ಬಿದ್ದುಹೋದದ್ದು ನಿಮಗೆ ತಿಳಿಯಿತು. ಬಿಟ್ಟುಹೋದ ಪದ, ತಲೆಕೆಳಗಾದ ನಿಷೇಧ, ಎರಡು ಷರತ್ತುಗಳು ಒಂದಾದದ್ದು, ಇಂಥವನ್ನು ಹಿಡಿಯುವುದರಲ್ಲಿ ಅದು ಗಟ್ಟಿ. ಅಂದರೆ ಹೊಂದದೆ ಬಂದ ಜಾಗವೇ ಚರ್ಚೆ ಶುರುವಾಗುವ ಜಾಗ. ಅಲ್ಲಿ ತಪ್ಪಿದ್ದವರು ಹಿಮ್ಮುಖ ಅನುವಾದಕರೋ, ಮುಮ್ಮುಖ ಅನುವಾದಕರೋ ಅಥವಾ ಯಾರೂ ಅಲ್ಲವೋ ಎಂದು ತೀರ್ಮಾನಿಸಿ, ಕಾರಣವನ್ನು ಬರೆದಿಡಬೇಕು. ‘ಏದುಸಿರು’ ಮೂರನೆಯ ಬಗೆಯದು. ಅದನ್ನು ಉಳಿಸಿ, ಏಕೆ ಉಳಿಸಿದೆವೆಂದು ಒಂದು ಸಾಲು ಬರೆದಿದ್ದರೆ ಸಾಕಾಗಿತ್ತು.

ಉಳಿದದ್ದನ್ನು ರೋಗಿಗಳ ಬಳಿಯೇ ಕೇಳಬೇಕು. 2005 ರಲ್ಲಿ ಆರೋಗ್ಯ ಸಂಶೋಧಕರ ಅಂತರರಾಷ್ಟ್ರೀಯ ಸಂಘಟನೆಯಾದ ಐಎಸ್‌ಪಿಒಆರ್ ಸಂಸ್ಥೆಯ ಕಾರ್ಯತಂಡ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಹಿಮ್ಮುಖ ಅನುವಾದದ ನಂತರ, ಆ ಭಾಷೆಯ ಐದರಿಂದ ಎಂಟು ಜನರೊಂದಿಗೆ ಮಾತುಕತೆ ನಡೆಸುವ ಹಂತವಿದೆ. “ಅರ್ಥವಾಯಿತೇ?” ಎಂದು ಕೇಳಿದರೆ ಎಲ್ಲರೂ ಆಯಿತು ಎನ್ನುತ್ತಾರೆ. “ಇದನ್ನು ನಿಮ್ಮ ಮಾತಲ್ಲಿ ಹೇಳಿ, ಓದುವಾಗ ಯಾವ ದಾರಿ ಕಣ್ಣಿಗೆ ಬಂತು?” ಎಂದು ಕೇಳಬೇಕು. ಆಗ, ಓರಗೆಯವರಿಗಿಂತ ನಿಧಾನವಾಗಿ ನಡೆಯಬೇಕಾಗುತ್ತದೆಯೇ ಎಂದು ಕೇಳುವ ದರ್ಜೆ 2 ರ ‘ಸಮತಟ್ಟಾದ ನೆಲ’ವೂ ಬಾಯಿ ಬಿಡುತ್ತದೆ. ಅಂಗಳ ದಾಟಿದರೆ ಏರು ಅಥವಾ ಇಳಿಜಾರು ಎಂಬಂಥ ಊರಿನವರು ತಮ್ಮ ದಿನದ ದಾರಿಯನ್ನೇ ನೆನೆದು ಉತ್ತರಿಸಿದರೆ, 1 ರಲ್ಲಿ ಇರಬೇಕಾದವರು 2 ಕ್ಕೆ ಹೋಗುತ್ತಾರೆ. ಇದು ಸಣ್ಣ ಜಾರುವಿಕೆಯಲ್ಲ. ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶ ಕಾಯಿಲೆಯ ರೋಗಿಗಳನ್ನು ವಿಂಗಡಿಸುವ ಗೋಲ್ಡ್ ಮಾರ್ಗಸೂಚಿಯಲ್ಲಿ 2 ಮತ್ತು ಅದಕ್ಕಿಂತ ಮೇಲಿನವರು ಹೆಚ್ಚು ಲಕ್ಷಣಗಳುಳ್ಳವರ ಗುಂಪಿಗೆ ಸೇರುತ್ತಾರೆ, ಔಷಧದ ಆಯ್ಕೆಯೂ ಅದರಂತೆ ಬದಲಾಗಬಹುದು. ದರ್ಜೆ 3 ರ ‘ನೂರು ಗಜ’ವೂ ಇಂಗ್ಲಿಷಿಗೆ ಸೊಗಸಾಗಿ ಮರಳುತ್ತದೆ. ಆದರೆ ಬಟ್ಟೆ ಅಂಗಡಿಯ ಗಜದಲ್ಲಿ ಇಲ್ಲಿ ಯಾರೂ ದಾರಿ ಅಳೆಯುವುದಿಲ್ಲ.

ಹಾಗಾಗಿ ಆರನೆಯ ಪುಟವನ್ನು ಮೊದಲಿಗೆ ತನ್ನಿ. ಅನುವಾದದ ಇತಿಹಾಸ ಹೇಳುವ ಎರಡು ಪುಟಗಳನ್ನು ಬಿಡಿ. ಒಂದೇ ಕೆಲಸಕ್ಕೆ ‘ಮರುಅನುವಾದ’, ‘ಪುನರನುವಾದ’, ‘ಹಿಮ್ಮುಖ ಅನುವಾದ’ ಎಂದು ಮೂರು ಹೆಸರು ಬಳಸಿದ್ದೀರಿ. ಮೊದಲೆರಡು, ಕೆಟ್ಟ ಅನುವಾದವನ್ನು ಮತ್ತೊಮ್ಮೆ ಮಾಡುವುದು ಎಂಬ ಅರ್ಥವನ್ನೂ ಕೊಡುತ್ತವೆ, ಮೂರನೆಯದನ್ನೇ ಇಟ್ಟುಕೊಳ್ಳಿ. ದರ್ಜೆ 1 ಕ್ಕೆ ನಾನಾದರೆ “ಸಮನಾದ ದಾರಿಯಲ್ಲಿ ಬೇಗ ಬೇಗ ನಡೆದರೆ ಅಥವಾ ಸ್ವಲ್ಪ ಏರಿರುವ ದಾರಿಯಲ್ಲಿ ನಡೆದರೆ ನನಗೆ ಏದುಸಿರು ಬರುತ್ತದೆ” ಎಂದು ಬರೆಯುತ್ತಿದ್ದೆ. ಇದರಲ್ಲಿ ‘ಹಿಲ್’ ಮರಳಿ ಬರುವುದಿಲ್ಲ. ಆದರೂ ನನ್ನ ಮಾತನ್ನೇ ನಂಬಬೇಡಿ. ಹೊಸನಗರ, ಸಾಗರದ ಕಡೆಯ ಐದಾರು ರೋಗಿಗಳಿಗೆ ತೋರಿಸಿ, ಅವರು ಯಾವ ದಾರಿಯನ್ನು ಹೆಸರಿಸಿದರೆಂದು ಬರೆದುಕೊಂಡು ಲೇಖನಕ್ಕೆ ಸೇರಿಸಿ. ಅಡಿಕೆ ಬೆಳೆಗಾರರ ಮಾತನ್ನು ಮಾತ್ರ ಗ್ರಾಂಥಿಕಕ್ಕೆ ತಿದ್ದದೆ, ಅವರು ಆಡಿದಂತೆಯೇ ಇಡಿ.

ಸಂಪಾದಕ, ಶಿವಮೊಗ್ಗ