ಬಸ್ಸಾರು ಅನ್ನೋ ಹೆಸರೇ ಗೊತ್ತಿಲ್ಲದವರು ಬಸ್ಸಾರು ಹುಡುಕುವುದು ಹೇಗೆ?

*ಸಂಪಾದಕರೇ, ನಾನು ಮದ್ದೂರು ಕಡೆಯ ನಿವೃತ್ತ ಶಿಕ್ಷಕಿ. ಎರಡು ವರ್ಷದಿಂದ ನಮ್ಮ ಕಡೆ ಅಡುಗೆಯ ವಿಡಿಯೋ ಮಾಡಿ ಯೂಟ್ಯೂಬ್, ಇನ್‌ಸ್ಟಾಗ್ರಾಮಿಗೆ ಹಾಕುತ್ತಿದ್ದೇನೆ. ಒಂದಕ್ಕೆ "ಹಳೇ ಮೈಸೂರು ಪ್ರಾಂತ್ಯದ ಸಾಂಪ್ರದಾಯಿಕ ಬಸ್ಸಾರು" ಎಂದು ಹೆಸರಿಟ್ಟು ಹದಿನೈದು ಹ್ಯಾಶ್‌ಟ್ಯಾಗ್ ಹಾಕಿದ್ದೆ. ಮೊನ್ನೆ ನನ್ನ ಮೊಮ್ಮಗಳೇ ಬೆಂಗಳೂರಿನ ಪಿ.ಜಿ.ಯಲ್ಲಿ ಕೂತು ಹುಡುಕಿದಳಂತೆ. ನನ್ನದು ಸಿಗದೆ ಬೇರೆ ಯಾರದ್ದೋ ನೋಡಿ ಸಾರು ಮಾಡಿದಳು! ಈಗಿನ ಹುಡುಗರು ಹುಡುಕುವುದಾದರೂ ಹೇಗೆ?*

ಮೇಡಂ, ಮೊದಲು ಮೊಮ್ಮಗಳನ್ನು ಒಂದು ಮಾತು ಕೇಳಿ. ಅವಳು ಟೈಪ್ ಮಾಡಿದ್ದು ಏನು? "ಬಸ್ಸಾರು" ಅಂತ ಅಲ್ಲ ಅನ್ನೋದು ನನ್ನ ಅನುಮಾನ.

ನಿಮ್ಮ ಪತ್ರ ಬಂದ ದಿನ ನಮ್ಮ ಆಫೀಸಿನ ಹೊಸ ಹುಡುಗಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. "ಸೊಪ್ಪು, ಕಾಳು ಬೇಯಿಸಿ, ನೀರು ಬಸಿದು, ಆ ನೀರಲ್ಲಿ ಸಾರು ಮಾಡ್ತಾರಲ್ಲ, ಅದನ್ನ ಹುಡುಕಮ್ಮ" ಅಂದೆ. ಹೆಸರು ಮಾತ್ರ ಹೇಳಲಿಲ್ಲ. ಅವಳು ಒಂದು ಕ್ಷಣವೂ ಯೋಚಿಸದೆ ಹೊಡೆದದ್ದು ಇದು:

```
soppu kaalu basida neeralli saaru mudde ge
```

ಇಂಗ್ಲಿಷ್ ಅಕ್ಷರ, ಕನ್ನಡ ಮಾತು, ಮನೆಯಲ್ಲಿ ಅಮ್ಮನನ್ನು ಕೇಳುವ ಹಾಗೇ ಇದೆ. ಇದರಲ್ಲಿ "ಸಾಂಪ್ರದಾಯಿಕ" ಇಲ್ಲ, "ಪ್ರಾಂತ್ಯ" ಇಲ್ಲ. ಬಸ್ಸಾರು ಕೂಡ ಇಲ್ಲ! ನಿಮ್ಮ ಶೀರ್ಷಿಕೆಯಲ್ಲಿರುವ ಒಂದು ಪದವೂ ಅವಳ ಹುಡುಕಾಟದಲ್ಲಿಲ್ಲ. ಯಂತ್ರ ಅರ್ಥವನ್ನು ಒಂದಿಷ್ಟು ಊಹಿಸುತ್ತದೆ, ನಿಜ. ಆದರೆ ಅದಕ್ಕೂ ಹಿಡಿದುಕೊಳ್ಳಲು ಒಂದು ತುದಿ ಬೇಕಲ್ವಾ?

ನಾವು, ಅಂದರೆ ನಮ್ಮ ವಯಸ್ಸಿನವರು, ಲೈಬ್ರರಿಯ ಕಾರ್ಡ್ ಪೆಟ್ಟಿಗೆ ತಡಕಿ ಬೆಳೆದವರು. ವಸ್ತುವಿನ ಹೆಸರು ಗೊತ್ತಿದ್ದರೆ ಮಾತ್ರ ಅದು ಸಿಗುತ್ತಿತ್ತು. ಗೂಗಲ್ ಬಂದಾಗಲೂ "ಬಸ್ಸಾರು ವಿಧಾನ" ಅಂತ ಎರಡು ಪದ ಹೊಡೆದು ಸುಮ್ಮನಾದೆವು. ಈ ಮಕ್ಕಳಿಗೆ ಹೆಸರು ಬೇಕಾಗಿಲ್ಲ. ಎದುರಿಗಿರುವ ಪರಿಸ್ಥಿತಿಯನ್ನೇ ವಾಕ್ಯ ಮಾಡಿ ಹಾಕುತ್ತಾರೆ. ಇಲ್ಲವೇ ಯಾವುದೋ ರೀಲ್ಸ್ ಮೇಲೆ ಓದಿದ ಅಡಿಬರಹ ನೆನಪಿದ್ದಷ್ಟು ಹಾಕುತ್ತಾರೆ. ಅದೂ ಗೂಗಲ್‌ಗೆ ಹೋಗದೆ, ವಿಡಿಯೋ ನೋಡುವ ಜಾಗದಲ್ಲೇ. 2022ರಲ್ಲಿ ಗೂಗಲ್‌ನ ಹಿರಿಯ ಅಧಿಕಾರಿ ಪ್ರಭಾಕರ್ ರಾಘವನ್ ಅವರೇ ಒಂದು ಸಭೆಯಲ್ಲಿ ಇದನ್ನು ಒಪ್ಪಿಕೊಂಡಿದ್ದರು. ಊಟಕ್ಕೆ ಎಲ್ಲಿಗೆ ಹೋಗೋದು ಅಂತ ಹುಡುಕುವಾಗ ಸುಮಾರು 40% ಯುವಜನರು ಗೂಗಲ್ ಬಿಟ್ಟು ಟಿಕ್‌ಟಾಕ್, ಇನ್‌ಸ್ಟಾಗ್ರಾಮಿಗೆ ಹೋಗುತ್ತಾರೆ ಎಂದಿದ್ದರು. ಅದು ಅಮೆರಿಕದ ಹುಡುಗರ ಲೆಕ್ಕ. ಟಿಕ್‌ಟಾಕ್ ನಮ್ಮಲ್ಲಿ 2020ರ ಜೂನ್‌ನಲ್ಲೇ ಬಂದ್ ಆಯಿತು. ಅಭ್ಯಾಸ ಮಾತ್ರ ರೀಲ್ಸ್, ಶಾರ್ಟ್ಸ್ ಕಡೆ ಸಾಗಿತು.

ಈಗ ನಿಮ್ಮ ವಿಡಿಯೋಗೆ ಬರೋಣ. ಶೀರ್ಷಿಕೆಯನ್ನು ನಾನಾದರೆ ಹೀಗೆ ಬದಲಿಸುತ್ತಿದ್ದೆ:

```
ಸೊಪ್ಪು ಕಾಳು ಬಸಿದ ನೀರಲ್ಲಿ ಮುದ್ದೆಗೆ ಬಸ್ಸಾರು | bassaru in kannada
```

ಯೂಟ್ಯೂಬ್ ಶೀರ್ಷಿಕೆಗೆ 100 ಅಕ್ಷರದ ಮಿತಿ ಇದೆ, ಇದು ಆರಾಮಾಗಿ ಹಿಡಿಸುತ್ತದೆ. ಕೊನೆಯ `in kannada` ನೋಡಿ ನಗಬೇಡಿ. ನಮ್ಮವರು ಕನ್ನಡದ ವಿಡಿಯೋ ಬೇಕೆಂದರೆ ಬಾಲಕ್ಕೆ ಅದನ್ನೇ ಅಂಟಿಸುವುದು. ವಿವರಣೆಯ ಮೊದಲ ಸಾಲಲ್ಲೇ ನೀವು ಬಾಯಲ್ಲಿ ಹೇಳುವ ಹಾಗೆ ಬರೆಯಿರಿ: "ಮುದ್ದೆ ಮಾಡಿದ್ದೀರಿ, ಸಾರಿಗೆ ಏನೂ ಇಲ್ಲ, ಮನೆಯಲ್ಲಿ ಒಂದು ಕಟ್ಟು ಸೊಪ್ಪು, ಒಂದು ಹಿಡಿ ಕಾಳು ಇದೆಯಾ?" ಕೆಳಗೆ ಇನ್ನೊಂದು ಸಾಲು, ಅದೇ ಮಾತು ಇಂಗ್ಲಿಷ್ ಅಕ್ಷರದಲ್ಲಿ. ಇನ್‌ಸ್ಟಾಗ್ರಾಮಿನಲ್ಲೂ ಇದೇ. ಅಲ್ಲಿ ಅಡಿಬರಹಕ್ಕೆ 2,200 ಅಕ್ಷರ ಕೊಡುತ್ತಾರೆ. ಆದರೆ ನೋಡುವವರಿಗೆ ಮೊದಲು ಕಾಣುವುದು ಆರಂಭದ ಒಂದೆರಡು ಸಾಲು, ಮಿಕ್ಕದ್ದು ಒತ್ತಿದರೆ ಮಾತ್ರ. ಹುಡುಕಾಟಕ್ಕೆ ಬೇಕಾದ ಪದಗಳನ್ನು ಕಾಮೆಂಟಿನಲ್ಲಿ ಹಾಕದೆ ಅಡಿಬರಹದಲ್ಲೇ ಇಡಿ ಎಂದು ಇನ್‌ಸ್ಟಾಗ್ರಾಮಿನವರೇ 2021ರಲ್ಲಿ ಹೇಳಿದ್ದಾರೆ. ವಿಡಿಯೋದ ಚಿತ್ರದೊಳಗೆ ಬಣ್ಣಬಣ್ಣವಾಗಿ ಬರೆದ ಕನ್ನಡವನ್ನು ನಂಬಿಕೊಂಡು ಕೂರಬೇಡಿ. ಅದೇ ಮಾತನ್ನು ಅಡಿಬರಹದಲ್ಲಿ ಇನ್ನೊಮ್ಮೆ ಟೈಪ್ ಮಾಡಿ.

ನಿಮ್ಮ ಹದಿನೈದು ಹ್ಯಾಶ್‌ಟ್ಯಾಗಿನಲ್ಲಿ `#food`, `#viral` ಇದ್ದೇ ಇರುತ್ತವೆ ಅಂದುಕೊಂಡಿದ್ದೇನೆ. ತೆಗೆದುಬಿಡಿ. ಬಸ್ಸಾರು ಬೇಕಾದವರು ಯಾರೂ ವೈರಲ್ ಅಂತ ಹುಡುಕುವುದಿಲ್ಲ. ಯೂಟ್ಯೂಬಿನಲ್ಲಿ ಟ್ಯಾಗ್ ಅಂತ ಬೇರೆ ಒಂದು ಜಾಗ ಇದೆ. ಅದರಿಂದ ಆಗುವ ಉಪಯೋಗ ಕಡಿಮೆ, ಜನ ಕಾಗುಣಿತ ತಪ್ಪಿ ಬರೆಯುವ ಪದಗಳಿಗೆ ಮಾತ್ರ ಅದು ನೆರವು ಎಂದು ಯೂಟ್ಯೂಬೇ ಹೇಳುತ್ತದೆ. ಹಾಗಾದರೆ ಅದು ನಮಗೆ ಹೇಳಿ ಮಾಡಿಸಿದ ಜಾಗ! `bassaru`, `basaru`, `bas saaru`, `bassaaru` ಎಲ್ಲವನ್ನೂ ಅಲ್ಲಿ ತುಂಬಿ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಲು ನಿಯಮ ಅಂತ ಯಾರೂ ಪಾಲಿಸುವುದಿಲ್ಲ. ದೀರ್ಘ ಬೇಕಾದಲ್ಲಿ ಒಬ್ಬರು ಒಂದು ಎ, ಇನ್ನೊಬ್ಬರು ಎರಡು.

ಯಾವ ಮಾತು ಹಾಕಬೇಕು ಅಂತ ಗೊತ್ತಾಗುವುದು ಹೇಗೆ? ಮನೆಯಲ್ಲಿ ಕೂತು ಊಹಿಸುವುದು ಬೇಡ. ಹುಡುಕುವ ಜಾಗದಲ್ಲಿ `mudde ge` ಅಂತ ಹೊಡೆದು ಸುಮ್ನೆ ನಿಲ್ಲಿಸಿ, ಎಂಟರ್ ಒತ್ತಬೇಡಿ. ಕೆಳಗೆ ಒಂದು ಪಟ್ಟಿ ಇಳಿಯುತ್ತದೆ. ಅದರಲ್ಲಿ ಬಹುಪಾಲು ಬೇರೆಯವರು ನಿಜವಾಗಿ ಕೇಳಿದ ಮಾತುಗಳೇ. ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಆಮೇಲೆ ಯೂಟ್ಯೂಬ್ ಸ್ಟುಡಿಯೋದ `Analytics` ತೆರೆದು, ನೋಡುಗರು ಎಲ್ಲಿಂದ ಬಂದರು ಅನ್ನುವಲ್ಲಿ `YouTube search` ಒತ್ತಿ. ಯಾವ ಯಾವ ಮಾತು ಹೊಡೆದವರು ನಿಮ್ಮ ಹತ್ತಿರ ಬಂದರು ಅಂತ ತೋರಿಸುತ್ತದೆ. ನೋಟ್‌ಬುಕ್ಕಿನಲ್ಲಿದ್ದು ಇಲ್ಲಿ ಇಲ್ಲದ ಮಾತುಗಳ ಕೆಳಗೆ ಗೆರೆ ಎಳೆಯಿರಿ. ನಿಮ್ಮ ವಿಡಿಯೋ ಆ ಪ್ರಶ್ನೆಗೆ ಉತ್ತರ ಕೊಡುತ್ತದೆ ಅಂತಾದರೆ ಮಾತ್ರ ಅದನ್ನು ಸೇರಿಸಿ.

ಈ "ಮಾತ್ರ" ಮುಖ್ಯ. ಮೊನ್ನೆ ನಮ್ಮ ಪತ್ರಿಕೆಯ ಹುಳಿ ವಿಡಿಯೋಗೆ ಯಾರೋ "ಹತ್ತೇ ನಿಮಿಷದಲ್ಲಿ" ಅಂತ ಸೇರಿಸಿಬಿಟ್ಟರು, ಜನ ಹಾಗೇ ಹುಡುಕುತ್ತಾರೆ ಅಂತ. ಬಂದವರು ಬಂದರು. ಬೇಳೆ ಬೇಯುವುದನ್ನು ಕಂಡು ಅರ್ಧ ನಿಮಿಷಕ್ಕೇ ಎದ್ದುಹೋದರು. ಒಂದು ಮಾತಿಗೆ ಬಂದವರು ಎಷ್ಟು ಹೊತ್ತು ಕೂತರು ಅನ್ನೋದನ್ನೂ ಯೂಟ್ಯೂಬ್ ಲೆಕ್ಕ ಇಡುತ್ತದೆ. ಮರುವಾರ ಆ ಪದಗಳನ್ನು ನಾನೇ ಅಳಿಸಿದೆ.

ಬದಲಾಯಿಸಿದ ಮೇಲೆ ನಿಮ್ಮ ಫೋನಲ್ಲೇ ಹುಡುಕಿ ಖುಷಿಪಡಬೇಡಿ. ನಿಮ್ಮ ಫೋನಿಗೆ ನೀವೇನು ನೋಡುತ್ತೀರಿ ಅಂತ ಗೊತ್ತು, ಹಾಗಾಗಿ ನಿಮ್ಮದನ್ನೇ ಮೇಲೆ ತೋರಿಸಬಹುದು. ಪಕ್ಕದ ಮನೆಯವರ ಫೋನು ತಗೊಳ್ಳಿ, ಇಲ್ಲವೇ ಲಾಗಿನ್ ಆಗದೆ ನೋಡಿ.

ಒಂದು ಮಾತು ಬಿಟ್ಟುಹೋಗಿತ್ತು. ಹೆಸರು ಎಲ್ಲರಿಗೂ ಗೊತ್ತಿರುವ ತಿಂಡಿಗೆ ಈ ಗೋಜು ಯಾಕೆ ಅನ್ನಿಸಬಹುದು. ಮೈಸೂರು ಪಾಕನ್ನೇ ತಗೊಳ್ಳಿ. ಹೆಸರು ಗೊತ್ತಿದ್ದವರೂ ಒಲೆ ಮುಂದೆ ನಿಂತು ಹೊಡೆಯುವುದು `mysore pak gatti aytu en madodu` ಅಂತ. ಪಾಕ ಒಂದೆಳೆ ದಾಟಿ ಹೋಗಿರುತ್ತದೆ, ಅಷ್ಟೇ. ಅದು ನಿಮ್ಮ ಮೈಸೂರು ಪಾಕ್ ವಿಡಿಯೋದಲ್ಲಿ ನಾಲ್ಕನೇ ನಿಮಿಷದಲ್ಲಿ ಎಲ್ಲೋ ಇದೆ, ನಾನು ನೋಡಿದ್ದೇನೆ. ಆದರೆ ಶೀರ್ಷಿಕೆಯಲ್ಲೂ ಇಲ್ಲ, ಅಡಿಬರಹದಲ್ಲೂ ಇಲ್ಲ. ಆ ಒಂದು ನಿಮಿಷವನ್ನು ಕತ್ತರಿಸಿ, "ಮೈಸೂರು ಪಾಕ್ ಗಟ್ಟಿ ಆಯ್ತಾ?" ಅಂತ ಬೇರೆಯಾಗಿ ಹಾಕಿ ನೋಡಿ. ಮೊಮ್ಮಗಳಿಗೆ ಹೇಳಬೇಡಿ, ಅವಳೇ ಹುಡುಕಲಿ.

— ಸಂ.