ಬ್ರೇಕ್‌ಔಟ್‌ಗೆ ಓಪನ್ ಇಂಟರೆಸ್ಟ್ ಫಿಲ್ಟರ್ ಹಾಕಿದರೆ ಲಾಭ ಇದೆಯಾ?

*ಬೆಲೆಯ ಜೊತೆ ಓಪನ್ ಇಂಟರೆಸ್ಟೂ ಏರಿದರೆ ಮಾತ್ರ ತಗೊಳ್ಳಿ ಅಂತ ಜಯನಗರದ ನಮ್ಮ ಟ್ರೇಡಿಂಗ್ ಗೆಳೆಯರು ಹೇಳ್ತಾರೆ. ನನ್ನ ಸ್ಟಾಕ್ ಫ್ಯೂಚರ್ಸ್ ಬ್ರೇಕ್‌ಔಟ್‌ಗೆ ಇದು ಉಪಯೋಗ ಆಗುತ್ತಾ? ಹೇಗೆ ಪರೀಕ್ಷಿಸಲಿ?*

ಆಗಬಹುದು. ಆದರೆ ಫಿಲ್ಟರ್ ಬೇಡ ಅಂದ ಟ್ರೇಡ್‌ಗಳು ಏನಾದವು ಅಂತ ನೋಡದೆ ಗೊತ್ತಾಗುವುದಿಲ್ಲ.

ಪ್ರತಿ ಕಾಂಟ್ರ್ಯಾಕ್ಟ್‌ಗೂ ಕೊಂಡವರೊಬ್ಬರು, ಮಾರಿದವರೊಬ್ಬರು ಇರುತ್ತಾರೆ. ಬೆಲೆ, ಓಪನ್ ಇಂಟರೆಸ್ಟ್ ಎರಡೂ ಏರಿದರೆ ಕೊಳ್ಳುವವರಿಗೇ ಆತುರ ಜಾಸ್ತಿ ಇತ್ತು ಅಂತ ಊಹಿಸಿ ಲಾಂಗ್ ಬಿಲ್ಡಪ್ ಅನ್ನುತ್ತೇವೆ. ಬೆಲೆ ಏರಿ ಓಪನ್ ಇಂಟರೆಸ್ಟ್ ಇಳಿದರೆ ಶಾರ್ಟ್ ಕವರಿಂಗ್. ಮೊದಲೇ ಮಾರಿದ್ದವರು ವಾಪಸ್ ಕೊಂಡು ಹೊರಬೀಳುತ್ತಿದ್ದಾರೆ, ಅದು ಮುಗಿದ ಮೇಲೆ ಏರಿಕೆ ನಿಲ್ಲಬಹುದು. ಎರಡೂ ಊಹೆಗಳೇ.

ಹೆಚ್ಚಿನ ಟೆಸ್ಟ್‌ಗಳು ಕೆಡುವುದು ಎಕ್ಸ್‌ಪೈರಿ ವಾರದಲ್ಲಿ. ಒಂದು ಷೇರು ಶೇ. 1.5 ಏರಿತು ಅಂತಿಟ್ಟುಕೊಳ್ಳಿ. ಈ ತಿಂಗಳ ಕಾಂಟ್ರ್ಯಾಕ್ಟ್‌ನಲ್ಲಿ ಓಪನ್ ಇಂಟರೆಸ್ಟ್ 100 ಲಕ್ಷ ಷೇರಿನಿಂದ 80 ಲಕ್ಷಕ್ಕೆ ಇಳಿಯಿತು. ಅದನ್ನಷ್ಟೇ ನೋಡಿದರೆ ಶಾರ್ಟ್ ಕವರಿಂಗ್. ಆದರೆ ಮುಂದಿನ ತಿಂಗಳಲ್ಲಿ ಅದು 20 ಲಕ್ಷದಿಂದ 46 ಲಕ್ಷಕ್ಕೆ ಏರಿದೆ. ಕೂಡಿಸಿದರೆ 120 ಇದ್ದದ್ದು 126 ಆಯಿತು, ಶೇ. 5 ಏರಿಕೆ! ಜನ ಹೊರಬಿದ್ದಿಲ್ಲ, ಪೊಸಿಷನ್ ರೋಲ್ ಮಾಡಿದ್ದಾರೆ ಅಷ್ಟೇ. ಹಾಗಾಗಿ ಎನ್‌ಎಸ್‌ಇ ಭಾವ್‌ಕಾಪಿಯಿಂದ ಎಲ್ಲಾ ತಿಂಗಳುಗಳ ಮೊತ್ತ ತೆಗೆದುಕೊಳ್ಳಿ. ಆ ಫೈಲ್ ಬರುವುದು ಮಾರ್ಕೆಟ್ ಮುಗಿದ ಮೇಲೆ. ಅದಕ್ಕೇ ಟೆಸ್ಟ್‌ನಲ್ಲಿ ಖರೀದಿ ಮಾರನೇ ಬೆಳಿಗ್ಗೆಯ ಬೆಲೆಗೇ ಆಗಬೇಕು.

ಈಗ ಪರೀಕ್ಷೆ. ಉದಾಹರಣೆಗೆ 400 ಬ್ರೇಕ್‌ಔಟ್‌ಗಳು, ಖರ್ಚು ಕಳೆದು ಸರಾಸರಿ ಲಾಭ ಶೇ. 0.6. ಫಿಲ್ಟರ್ ದಾಟಿದ 230 ಟ್ರೇಡ್‌ಗಳದ್ದು 0.8, ಬಿಟ್ಟ 170ರದ್ದು ಸುಮಾರು 0.33. ನೋಡೋಕೆ ಚೆನ್ನಾಗಿದೆ, ಅಲ್ವಾ? ಆದರೆ ಬಿಟ್ಟವುಗಳಲ್ಲೂ ಲಾಭವೇ ಇದೆ. 400ಕ್ಕೆ ಒಟ್ಟು 240 ಅಂಶ ಬಂದರೆ, 230ಕ್ಕೆ ಬರುವುದು 184 ಮಾತ್ರ. ಬಂಡವಾಳ ಸಾಲದೆ ಎಲ್ಲಾ ಟ್ರೇಡ್ ಹಿಡಿಯಲಾಗದವರಿಗೆ ಫಿಲ್ಟರ್ ಸರಿ, ಉಳಿದವರಿಗೆ ನಷ್ಟ.

ಈ 0.8 ಅದೃಷ್ಟವೇ ಅಂತಲೂ ನೋಡಬೇಕು. 400ರಲ್ಲಿ ಸುಮ್ನೆ ಚೀಟಿ ಎತ್ತಿದ ಹಾಗೆ 230 ಟ್ರೇಡ್ ಆರಿಸಿ ಸರಾಸರಿ ಬರೆದುಕೊಳ್ಳಿ. ಕಂಪ್ಯೂಟರ್‌ನಲ್ಲಿ ಇದನ್ನು 1000 ಸಲ ಮಾಡಿ. 300 ಸಲ 0.8 ದಾಟಿದರೆ ಫಿಲ್ಟರ್‌ಗೆ ಬೆಲೆ ಇಲ್ಲ. 50ಕ್ಕಿಂತ ಕಡಿಮೆ ಸಲ ದಾಟಿದರೆ ನಾನು ಮುಂದಕ್ಕೆ ನೋಡುತ್ತೇನೆ.

ಚೀಟಿ ಎತ್ತುವಾಗ ದಿನ ಬದಲಾಗಬಾರದು. ಮಾರ್ಕೆಟ್ ಜೋರಾಗಿ ಏರಿದ ದಿನ ಹತ್ತಾರು ಷೇರುಗಳು ಒಟ್ಟಿಗೇ ಬ್ರೇಕ್‌ಔಟ್ ಆಗುತ್ತವೆ, ಓಪನ್ ಇಂಟರೆಸ್ಟೂ ಒಟ್ಟಿಗೇ ಏರುತ್ತದೆ. ಆ ದಿನದ 12ರಲ್ಲಿ ಫಿಲ್ಟರ್ 8 ಆರಿಸಿದ್ದರೆ, ನೀವೂ ಅದೇ 12ರಲ್ಲಿ 8 ಎತ್ತಿ. ಹೀಗೆ ಮಾಡಿದ ಮೇಲೂ ವ್ಯತ್ಯಾಸ ಉಳಿದರೆ ಅದು ಓಪನ್ ಇಂಟರೆಸ್ಟ್ ಕೊಟ್ಟದ್ದು. ಮಾಯವಾದರೆ ಫಿಲ್ಟರ್ ಹಿಡಿದದ್ದು ಮಾರ್ಕೆಟ್‌ನ ಒಳ್ಳೆಯ ದಿನಗಳನ್ನು, ಒಳ್ಳೆಯ ಷೇರುಗಳನ್ನಲ್ಲ.